ಸಪ್ಲೈಯರ್ ಬ್ಯಾಂಕ್ ಅಕೌಂಟ್ ಬದ್ಲಾಗೈತೆ ಅಂತ ಮೇಲ್ ಬಂತು: ದುಡ್ಡು ಹಾಕೋ ಮುಂಚೆ ಮಾಡೋ ಚೆಕ್ಕಿಂಗ್ ಹೆಂಗೆ ಕಟ್ಟಿದ್ವಿ

ಬಳ್ಳಾರಿಯಲ್ಲಿ ನಾನು ಲೆಕ್ಕ ನೋಡ್ಕೊಳ್ಳೋದು ಒಂದು ಸಣ್ಣ ಜೀನ್ಸ್ ಯೂನಿಟ್‌ದು. ಕಟಿಂಗ್ ನಮ್ಮಲ್ಲೇ, ಹೊಲಿಗೆ ಅರ್ಧ ಮನೆಗಳಿಗೆ ಕೊಡ್ತೀವಿ, ವಾಷಿಂಗ್ ಹೊರಗಡೆ. ಬಟ್ಟೆ ಬರೋದು ಅಹಮದಾಬಾದ್ ಕಡೆ ಮಿಲ್ ಒಂದ್ರಿಂದ, ರಿವೆಟ್ ಬಟನ್ ದಿಲ್ಲಿಯಿಂದ, ಜಿಪ್ಪು ದಾರ ಎಲ್ಲಾ ಇಲ್ಲೇ ಸಿಗುತ್ತೆ. ಮಿಲ್ ಅಕೌಂಟ್ಸ್‌ನೋರ ಮುಖ ನಾವು ನೋಡಿಲ್ಲ, ಆರ್ಡರ್ ಏಜೆಂಟ್ ಮೂಲಕ, ಬಿಲ್ಲು ಮೇಲ್‌ನಲ್ಲಿ, ದುಡ್ಡು ಆರ್‌ಟಿಜಿಎಸ್‌ನಲ್ಲಿ, ಹಿಂಗೇ ವರ್ಷಗಟ್ಲೆ ನಡೀತಾ ಐತೆ. ಹಿಂಗೆ ನಡೆಯೋ ಜಾಗಕ್ಕೇ ಈ ಮೋಸ ಬರೋದು. ಏನಾಯ್ತು, ಆಮೇಲೆ ಏನು ಕಟ್ಟಿದ್ವಿ, ಎಲ್ಲಿ ಕೈ ಕೊಡ್ತು ಅಂತ ಸಾಲಾಗಿ ಬರೀತೀನಿ.

ಹಂತ 1. ಮಾರ್ಚ್ 24, 2025, ಸೋಮವಾರ. ಮೇಲ್ ಬಂತು

ಬಿಲ್ಲು ಫೆಬ್ರವರಿ 10ರದ್ದು, 3,000 ಮೀಟರ್ ಡೆನಿಮ್, ಮೀಟರ್‌ಗೆ ₹206, ಅಂದ್ರೆ ₹6,18,000, ಅದ್ರ ಮೇಲೆ 5% ಐಜಿಎಸ್‌ಟಿ ₹30,900, ಒಟ್ಟು ₹6,48,900. ಮೇಲ್‌ನಲ್ಲಿ ಈ ಕೊನೇ ಅಂಕಿ ಪೈಸಾ ತಪ್ಪದಂಗೆ ಇತ್ತು, ಬಿಲ್ ನಂಬರ್ ಸರಿ ಇತ್ತು, ನಮ್ಮದೇ ಹಳೇ ಮಾತುಕತೆಯ ಕೆಳಗೇ ಉತ್ತರವಾಗಿ ಬಂದಿತ್ತು. ಸಾರಾಂಶ ಇಷ್ಟೇ: ಹಳೇ ಅಕೌಂಟ್ ಆಡಿಟ್‌ನಲ್ಲಿ ಐತೆ, ಅಲ್ಲಿಗೆ ಹಾಕಿದ್ರೆ ವಾಪಸ್ ಬರುತ್ತೆ, ಲಗತ್ತಿಸಿದ ಲೆಟರ್‌ಹೆಡ್ ಮತ್ತೆ ಕ್ಯಾನ್ಸಲ್ಡ್ ಚೆಕ್ ನೋಡಿ ಹೊಸ ಅಕೌಂಟ್‌ಗೆ ಹಾಕಿ.

ಇನ್ನೊಂದು ಸಾಲು ಇತ್ತು ನೋಡ್ರಿ, ಅದು ನನಗೆ ಭಾರೀ ಅನ್ನಿಸ್ತು. "27ಕ್ಕೆ 45 ದಿನ ಮುಗೀತೈತೆ, ನಿಮ್ಮ 43ಬಿ(ಎಚ್) ತೊಂದ್ರೆ ಆಗ್ಬಾರದು ಅಂತ ಹೇಳ್ತಿದೀವಿ." 43ಬಿ(ಎಚ್) ಅಂದ್ರೆ ಇನ್‌ಕಮ್ ಟ್ಯಾಕ್ಸ್ ಕಾನೂನಿನ ಕಲಮು: ಸಣ್ಣ ಉತ್ಪಾದಕರಿಗೆ ಕರಾರು ಇದ್ರೆ 45 ದಿನದೊಳಗೆ ದುಡ್ಡು ಕೊಡ್ಬೇಕು, ಮೀರಿ ಮಾರ್ಚ್ 31 ದಾಟಿಸಿದ್ರೆ ಆ ಖರ್ಚು ಆ ವರ್ಷದ ಇನ್‌ಕಮ್ ಟ್ಯಾಕ್ಸ್ ಲೆಕ್ಕಕ್ಕೆ ಸೇರಲ್ಲ, ಕೊಟ್ಟ ವರ್ಷಕ್ಕೇ ಹೋಗುತ್ತೆ. ಮಿಲ್ ಉದ್ಯಮ್ ನೋಂದಣಿ ಇರೋ ಸಣ್ಣ ಘಟಕ, ಫೆಬ್ರವರಿ 10ರಿಂದ 45 ದಿನ ಎಣಿಸಿದ್ರೆ ಮಾರ್ಚ್ 27 ಹೌದು. ಮೋಸಗಾರ ಅವಸರ ಮಾಡ್ತಾನೆ ಅಂತ ಎಲ್ರಿಗೂ ಗೊತ್ತು, ಆದ್ರೆ ಆ ಅವಸರ ನಿಜವಾದ ತಾರೀಖಿನ ಮೇಲೇ ನಿಂತಿದ್ರೆ ಅದು ಅವಸರ ಅಂತ ಅನ್ನಿಸೋದೇ ಇಲ್ಲ, ಸಹಾಯ ಅನ್ನಿಸುತ್ತೆ.

ಸಾವ್ಕಾರ್ರು ಮೇಲ್ ನೋಡಿ, "ಹಾಕಿಬಿಡಪಾ, ಅವ್ರೇ ಕಳ್ಸ್ಯಾರಲ್ಲ" ಅಂದ್ರು. ನಾನು "ಸಾವ್ಕಾರ್ರೇ, ಸಂಜೆ ತನ ಟೈಮ್ ಕೊಡ್ರಿ" ಅಂದೆ.

ಹಂತ 2. ಮೇಲ್ ಬಿಚ್ಚಿ ನೋಡಿದ್ದು

ಜಿಮೇಲ್‌ನಲ್ಲಿ ಆ ಮೇಲ್‌ನ ಮೂಲೆಯ ಮೂರು ಚುಕ್ಕಿ ಒತ್ತಿ `Show original` ತೆಗೆದೆ. ಮಿಲ್ ಹೆಸರು ಬರೆಯೋದು ಬೇಡ ಅಂತ ವಿಳಾಸ ಬದ್ಲಿಸಿ ಹಾಕ್ತೀನಿ, ಆಕಾರ ಮಾತ್ರ ಇದೇ:

```
From: Accounts <accounts@millname.example>
Reply-To: accounts@rnillname.example
Authentication-Results: spf=pass dkim=pass dmarc=pass
```

ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಮೂರೂ ಪಾಸ್. ಮೇಲ್ ನಿಜವಾಗ್ಲೂ ಮಿಲ್‌ನ ಡೊಮೇನ್‌ನಿಂದ್ಲೇ ಹೊರಟೈತೆ ಅಂತ ಇದ್ರ ಅರ್ಥ. ಬೇರೆ ಯಾರೋ ಅವ್ರ ಹೆಸ್ರು ಹಾಕ್ಕೊಂಡು ಹೊರಗಿಂದ ಕಳ್ಸಿದ್ದಲ್ಲ, ಅವ್ರ ಮೇಲ್ ಬಾಕ್ಸ್ ಒಳಗೇ ಕೂತು ಕಳ್ಸಿದ್ದು. ಪಾಸ್‌ವರ್ಡ್ ಕೈಗೆ ಸಿಕ್ಕೋನಿಗೂ ಈ ಮೂರೂ ಪಾಸ್ ಆಗ್ತವೆ, ಯಾಕಂದ್ರೆ ಯಾವ ಡೊಮೇನ್‌ನಿಂದ ಬಂತು ಅಂತ ಮಾತ್ರ ಅವು ನೋಡೋದು, ಕೀಬೋರ್ಡ್ ಮುಂದೆ ಯಾರು ಕೂತಾರೆ ಅಂತ ಅಲ್ಲ. ಹಂಗಾಗಿ ಹೆಡರ್‌ನಲ್ಲಿ ಫೇಲ್ ಕಂಡ್ರೆ ಅಲ್ಲಿಗೇ ನಿಲ್ಸಬಹುದು, ಪಾಸ್ ಕಂಡ್ರೆ ಏನೂ ಸಾಬೀತಾಗಲ್ಲ. ಇದನ್ನ ಒಂದೇ ಕಡೆಗೆ ಕೆಲಸ ಮಾಡೋ ಚೆಕ್ ಅಂತ ಬರ್ಕೊಂಡೆ.

ಸಿಕ್ಕಿದ್ದು ಎರಡನೇ ಸಾಲಲ್ಲಿ. ರಿಪ್ಲೈ ಹೋಗೋ ವಿಳಾಸದಲ್ಲಿ `m` ಇರೋ ಜಾಗದಲ್ಲಿ `r` ಮತ್ತೆ `n` ಅಂಟಿಕೊಂಡು ಕೂತವೆ, ಫೋನ್ ಸ್ಕ್ರೀನ್‌ನಲ್ಲಿ ಎರಡೂ ಒಂದೇ ಥರ ಕಾಣ್ತವೆ. ನಾವು ಏನಾದ್ರೂ ಕೇಳಿದ್ರೆ ಅದು ಮಿಲ್‌ಗೆ ಹೋಗದೆ ನೇರ ಅವ್ನಿಗೇ ಹೋಗ್ಲಿ ಅಂತ ಈ ಏರ್ಪಾಡು. ಆ ಡೊಮೇನ್ ಯಾವಾಗ ನೋಂದಣಿ ಆಯ್ತು ಅಂತ ಹೂಈಸ್‌ನಲ್ಲಿ ನೋಡಿದೆ, ಅದೇ ಮಾರ್ಚ್‌ನದ್ದು, ಮಿಲ್‌ನ ಅಸಲಿ ಡೊಮೇನ್ ನೋಡಿದ್ರೆ ಹಳೇದು. ಅಕ್ಷರದ ಈ ಆಟ ಸಣ್ಣವ್ರಿಗೆ ಮಾತ್ರ ಬೀಳೋದಲ್ಲ, 2015ರಲ್ಲಿ ಒಎನ್‌ಜಿಸಿಗೆ ಸೌದಿ ಅರಾಮ್ಕೋದಿಂದ ಬರ್ಬೇಕಿದ್ದ ಸುಮಾರು ₹197 ಕೋಟಿ ಬೇರೆ ಅಕೌಂಟ್‌ಗೆ ಹೋಗಿದ್ದು ಹಿಂಗೇ, ವಿಳಾಸ ಸ್ವಲ್ಪ ತಿದ್ದಿ ಮೇಲ್ ಮಾಡಿದ್ರು.

ರಿಪ್ಲೈ ವಿಳಾಸ ಅಸಲೀನೇ ಇದ್ದಿದ್ರೆ? ಆಗ ಮೇಲ್‌ನೊಳಗೆ ಹಿಡಿಯೋಕೆ ನಮಗೆ ಏನೂ ಸಿಗ್ತಿರಲಿಲ್ಲ. ಪೂರ್ತಿ ಪದ್ಧತಿ ಕಟ್ಬೇಕು ಅಂತ ಅನ್ನಿಸಿದ್ದು ಈ ಪ್ರಶ್ನೆಯಿಂದ.

ಹಂತ 3. ಚೆಕ್ಕಿನ ಪಿಡಿಎಫ್

ಲೆಟರ್‌ಹೆಡ್, ಸೀಲು, ಸಹಿ ಎಲ್ಲಾ ಅಚ್ಚುಕಟ್ಟು, ಹಳೇ ಬಿಲ್ಲಿಂದ ಕತ್ತರಿಸಿ ಅಂಟಿಸಿದ್ದು, ಅದನ್ನ ನೋಡಿ ಪ್ರಯೋಜನ ಇಲ್ಲ. ಚೆಕ್ ಮೇಲೆ ಮಿಲ್ ಹೆಸರೇ ಇತ್ತು, ಬ್ರಾಂಚ್ ಅಹಮದಾಬಾದ್ ಅಂತ ಬರೆದಿತ್ತು.

ಚೆಕ್ ಕೆಳಗಿನ ಪಟ್ಟಿಯಲ್ಲಿ 9 ಅಂಕಿಯ ಎಂಐಸಿಆರ್ ಇರುತ್ತೆ, ಮೊದಲ 3 ಅಂಕಿ ಊರು, ಆಮೇಲಿನ 3 ಬ್ಯಾಂಕು, ಕೊನೇ 3 ಬ್ರಾಂಚು. ಊರಿನ ಅಂಕಿ ಸಾಮಾನ್ಯವಾಗಿ ಆ ಊರಿನ ಪಿನ್ ಕೋಡ್‌ನ ಮೊದಲ ಮೂರಂಕಿಯೇ, ನಮ್ಮ ಬಳ್ಳಾರಿ ಚೆಕ್ ತೆಗೆದು ನೋಡ್ರಿ 583 ಅಂತ ಇರುತ್ತೆ. ಅಹಮದಾಬಾದ್ ಆದ್ರೆ 380 ಬರ್ಬೇಕು. ಈ ಚೆಕ್‌ನಲ್ಲಿ ಅದು ಇರಲಿಲ್ಲ. ಆಮೇಲೆ ಐಎಫ್‌ಎಸ್‌ಸಿಯನ್ನ ರಿಸರ್ವ್ ಬ್ಯಾಂಕ್ ವೆಬ್‌ಸೈಟ್‌ನಲ್ಲಿ ಹಾಕಿ ಹುಡುಕಿದ್ರೆ ಬ್ರಾಂಚ್ ಬೇರೆ ರಾಜ್ಯದ್ದು. ಮೇಲಿನ ಅಕ್ಷರ ತಿದ್ದಿದ್ದಾನೆ, ದುಡ್ಡು ಅವ್ನಿಗೆ ತಲುಪ್ಬೇಕಲ್ಲ, ಹಂಗಾಗಿ ಐಎಫ್‌ಎಸ್‌ಸಿ ತಿದ್ದೋಕೆ ಬರಲ್ಲ, ಅದು ನಿಜ ಹೇಳ್ಲೇಬೇಕು.

ಇದಕ್ಕೂ ಮಿತಿ ಐತೆ, ಮೋಸಗಾರ ಬೇರೆಯೋರ ಹೆಸ್ರಲ್ಲಿ ಬಾಡಿಗೆಗೆ ಹಿಡಿಯೋ ಅಕೌಂಟ್ ಅಹಮದಾಬಾದ್‌ನಲ್ಲೇ ತೆಗೆದಿದ್ರೆ ಇದೂ ಸರಿ ಬರ್ತಿತ್ತು.

ಜಿಎಸ್‌ಟಿ ಪೋರ್ಟಲ್ ಕೂಡ ನೋಡಿದೆ. ಜಿಎಸ್‌ಟಿಐಎನ್ 24ರಿಂದ ಶುರು, ಗುಜರಾತ್, ಮಿಲ್ ಹೆಸರು ಸರಿ, ಆಕ್ಟಿವ್. ಆದ್ರೆ ಪೋರ್ಟಲ್‌ನಲ್ಲಿ ಸಾರ್ವಜನಿಕರಿಗೆ ಬ್ಯಾಂಕ್ ಅಕೌಂಟ್ ಕಾಣಲ್ಲ, ಮೋಸಗಾರ ಅಸಲಿ ಬಿಲ್ಲನ್ನೇ ಕಳ್ಸಿದ್ರೆ ಜಿಎಸ್‌ಟಿಐಎನ್ ಸರಿ ಇರ್ದೆ ಇನ್ನೇನು ಇರುತ್ತೆ. ಈ ಕೆಲಸಕ್ಕೆ ಇದು ಬರಲ್ಲ, ಪಟ್ಟಿಯಿಂದ ತೆಗೆದು ಹಾಕಿದೆ.

ಹಂತ 4. ಫೋನು

ಹೊಸ ಲೆಟರ್‌ನಲ್ಲಿ ಹೊಸ ಮೊಬೈಲ್ ನಂಬರ್ ಕೊಟ್ಟಿದ್ರು. ಅದನ್ನ ಮುಟ್ಟಲಿಲ್ಲ, ಎರಡು ವರ್ಷದ ಹಿಂದಿನ ಪೇಪರ್ ಬಿಲ್ ಫೈಲ್ ತೆಗೆದು ಅದ್ರ ಮೇಲಿದ್ದ ಲ್ಯಾಂಡ್‌ಲೈನ್‌ಗೆ ಹೊಡೆದೆ. ನನ್ನ ಅರ್ಧಂಬರ್ಧ ಹಿಂದಿಯಲ್ಲಿ ಕೇಳಿದೆ, ಆ ಕಡೆ ಅಕೌಂಟ್ಸ್ ಭಾಯ್ "ಅಕೌಂಟ್ ಎಲ್ಲಿ ಬದ್ಲಾಗೈತೆ, ನಾನು ಯಾವ ಮೇಲೂ ಕಳ್ಸಿಲ್ಲ" ಅಂದ್ರು. ಅವ್ರ ಸೆಂಟ್ ಬಾಕ್ಸ್‌ನಲ್ಲೂ ಮೇಲ್ ಇರಲಿಲ್ಲ, ಅಳಿಸಿದ್ದ. ಸೆಟಿಂಗ್ಸ್‌ನಲ್ಲಿ `Filters and Blocked Addresses` ತೆಗೀರಿ ಅಂದೆ, ಅಲ್ಲಿ ಅವ್ರು ಮಾಡದೇ ಇರೋ ಫಿಲ್ಟರ್ ಒಂದು ಕೂತಿತ್ತು: ನಮ್ಮ ಯೂನಿಟ್ ವಿಳಾಸದಿಂದ ಬಂದಿದ್ದೆಲ್ಲಾ ಇನ್‌ಬಾಕ್ಸ್‌ಗೆ ಬರದೆ, ಓದಿದಂಗೆ ಗುರುತಾಗಿ, ಟ್ರ್ಯಾಶ್‌ಗೆ ಹೋಗ್ಬೇಕು ಅಂತ. ಅಂದ್ರೆ ಅಸಲಿ ವಿಳಾಸಕ್ಕೇ ಹೊಸ ಮೇಲ್ ಟೈಪ್ ಮಾಡಿ ಕೇಳಿದ್ರೂ ಅವ್ರಿಗೆ ಅದು ಕಾಣ್ತಿರಲಿಲ್ಲ. ಫಾರ್ವರ್ಡಿಂಗ್ ಟ್ಯಾಬ್ ಕೂಡ ನೋಡಿಸಿದೆ, ಪಾಸ್‌ವರ್ಡ್ ಬದ್ಲಿಸಿ, ಎಲ್ಲಾ ಡಿವೈಸ್‌ನಿಂದ ಲಾಗ್‌ಔಟ್ ಮಾಡಿ, ಎರಡು ಹಂತದ ವೆರಿಫಿಕೇಶನ್ ಹಾಕಿಸಿ ಅಂದೆ. ಪಾಸ್‌ವರ್ಡ್ ಮಾತ್ರ ಬದ್ಲಿಸಿ ಫಿಲ್ಟರ್ ಬಿಟ್ರೆ ನಮ್ಮ ಮೇಲ್ ಮಾಯ ಆಗ್ತಾನೇ ಇರ್ತವೆ.

₹6,48,900 ಹಳೇ ಅಕೌಂಟ್‌ಗೆ ಹೋಯ್ತು, 27ರ ಒಳಗೇ.

ಹಂತ 5. ಏಪ್ರಿಲ್. ಮೊದಲ ಪದ್ಧತಿ, ಅದು ಬಿದ್ದಿದ್ದು

ಫೋನ್ ಮಾಡಿ ಕೇಳ್ಬೇಕು, ₹1 ಹಾಕಿ ನೋಡ್ಬೇಕು, ಇಬ್ರು ಸಹಿ ಹಾಕ್ಬೇಕು ಅಂತ ಒಂದು ಹಾಳೆ ಮಾಡಿದ್ವಿ. ಚೆನ್ನಾಗೇ ಕಾಣ್ತಿತ್ತು. ಪರೀಕ್ಷೆ ಮಾಡಣ ಅಂತ ಸಾವ್ಕಾರ್ರಿಗೆ ಮಾತ್ರ ಹೇಳಿ, ಜಿಪ್ ಸಪ್ಲೈಯರ್ ಹೆಸ್ರಲ್ಲಿ ನಾನೇ ಒಂದು ಸುಳ್ಳು ಲೆಟರ್ ಮಾಡಿದೆ, ಅವ್ರ ಒಪ್ಪಿಗೆ ತಗೊಂಡೇ. ಅದ್ರಲ್ಲಿ ನನ್ನ ಗೆಳೆಯನ ಫೋನ್ ನಂಬರು, ಅವನದೇ ಅಕೌಂಟ್ ನಂಬರು.

ನಮ್ಮ ಬಿಲ್ಲಿಂಗ್ ಹುಡುಗ ಹಾಳೆಯಲ್ಲಿ ಬರೆದಂಗೇ ಮಾಡಿದ. ಫೋನ್ ಮಾಡಿದ, ಆದ್ರೆ ಲೆಟರ್‌ನಲ್ಲಿದ್ದ ನಂಬರ್‌ಗೆ. "ಅಣ್ಣಾ, ನಿಮ್ಮ ಹೊಸ ಅಕೌಂಟ್ ಕೊನೇಗೆ ಇಂತಿಂಥದ್ದು ಅಲ್ವಾ?" ಅಂದ, ಗೆಳೆಯ "ಹೌದಪ್ಪಾ ಹೌದು" ಅಂದ. ₹1 ಹಾಕಿ ಬಂತಾ ಅಂದ್ರೆ "ಬಂತು". ಎಲ್ಲಾ ಟಿಕ್ ಬಿತ್ತು, ಇಬ್ರ ಸಹಿನೂ ಬಿತ್ತು. ಹುಡುಗನದ್ದು ಏನೂ ತಪ್ಪಿಲ್ಲ, ಹಾಳೆಯಲ್ಲೇ ಮೂರು ತೂತು ಇದ್ವು.

ಯಾವ ನಂಬರ್‌ಗೆ ಅಂತ ಹಾಳೆ ಹೇಳಿರಲಿಲ್ಲ. ಉತ್ತರ ನಾವೇ ಹೇಳಿ ಹೌದಾ ಅಂತ ಕೇಳೋ ಥರ ಪ್ರಶ್ನೆ ಇತ್ತು. ಇನ್ನು ₹1 ಇದ್ಯಲ್ಲ, ಅಕೌಂಟ್ ಜೀವಂತ ಐತೆ ಅಂತ ಮಾತ್ರ ಅದು ತೋರಿಸೋದು, ಮೋಸಗಾರನ ಅಕೌಂಟೂ ಜೀವಂತಾನೇ ಇರುತ್ತೆ, ₹1 ಬಂತಾ ಅಂತ ಅವ್ನನ್ನೇ ಕೇಳಿದ್ರೆ ಬಂತು ಅಂತಾನೇ ಅಂತಾನೆ. ತುಂಬಾ ಜನ ಈ ₹1 ಟೆಸ್ಟನ್ನೇ ನಂಬ್ಕೊಂಡು ಕೂತಾರೆ, ನನ್ನ ಪ್ರಕಾರ ಇದೇ ಎಲ್ಲಕ್ಕಿಂತ ಅಪಾಯದ್ದು, ಯಾಕಂದ್ರೆ ಏನೋ ಚೆಕ್ ಮಾಡಿದೀವಿ ಅನ್ನೋ ಧೈರ್ಯ ಬಂದುಬಿಡುತ್ತೆ.

ಹಂತ 6. ಎರಡನೇ ಪದ್ಧತಿ

ಮೊದಲ ಕೆಲಸ ನಂಬರ್ ಪುಸ್ತಕ. ₹90ರ ಒಂದು ಲಾಂಗ್ ಬುಕ್ ತಂದ್ವಿ. ಪ್ರತಿ ಸಪ್ಲೈಯರ್‌ಗೆ ಒಂದು ಪುಟ, ಅದ್ರಲ್ಲಿ ಎರಡು ಫೋನ್ ನಂಬರ್, ಅವು ಎಲ್ಲಿಂದ ಸಿಕ್ಕಿದ್ದು ಅಂತ ಪಕ್ಕದಲ್ಲೇ ಬರೀಬೇಕು: ಹಳೇ ಪೇಪರ್ ಬಿಲ್ಲು, ಕೈಗೆ ಕೊಟ್ಟ ವಿಸಿಟಿಂಗ್ ಕಾರ್ಡು, ಏಜೆಂಟ್ ಎದುರು ಕೂತು ಹೇಳಿದ್ದು. ಮೇಲ್‌ನಿಂದ ತಗೊಂಡ ನಂಬರ್ ಪುಸ್ತಕಕ್ಕೆ ಬರಂಗಿಲ್ಲ. ಹೊಸ ನಂಬರ್ ಸೇರಿಸ್ಬೇಕಾದ್ರೆ ಪುಸ್ತಕದಲ್ಲಿರೋ ಹಳೇ ನಂಬರ್‌ನಲ್ಲಿ ಮಾತಾಡಿ ಆದ್ಮೇಲೇ. ಕಂಪ್ಯೂಟರ್‌ನಲ್ಲಿ ಯಾಕಿಲ್ಲ ಅಂದ್ರೆ, ನಾಳೆ ನಮ್ಮದೇ ಮೇಲ್ ಡ್ರೈವ್ ಯಾರದೋ ಕೈಗೆ ಹೋದ್ರೆ ನಂಬರ್ ಅಲ್ಲೇ ತಿದ್ದಿಬಿಡ್ತಾರೆ, ಬೀರುವಿನಲ್ಲಿರೋ ಪುಸ್ತಕ ತಿದ್ದೋಕೆ ಬಳ್ಳಾರಿಗೇ ಬರ್ಬೇಕು.

ಎರಡನೇದು ಪ್ರಶ್ನೆ ಕೇಳೋ ರೀತಿ. ನಾವು ಅಕೌಂಟ್ ನಂಬರ್ ಓದಂಗಿಲ್ಲ. "ಅಕೌಂಟ್ ಏನಾದ್ರೂ ಬದ್ಲಾಗೈತಾ?" ಅಂತ ಮಾತ್ರ ಕೇಳ್ಬೇಕು. ಹೌದು ಅಂದ್ರೆ "ಬ್ಯಾಂಕು, ಬ್ರಾಂಚು, ಕೊನೇ ಆರಂಕಿ ನೀವೇ ಹೇಳ್ರಿ." ಅವ್ರು ಹೇಳಿದ್ದನ್ನ ಬರ್ಕೊಂಡು, ಫೋನ್ ಇಟ್ಟ ಮೇಲೆ ಲೆಟರ್ ಜೊತೆ ತಾಳೆ ನೋಡೋದು.

ಮೂರನೇದು ಹೆಸರು ನೋಡೋದು. ಆರ್‌ಟಿಜಿಎಸ್ ಎನ್‌ಇಎಫ್‌ಟಿಯಲ್ಲಿ ನಾವು ಟೈಪ್ ಮಾಡೋ ಹೆಸರು ಲೆಕ್ಕಕ್ಕೇ ಇಲ್ಲ, ದುಡ್ಡು ಅಕೌಂಟ್ ನಂಬರ್ ನೋಡಿ ಜಮಾ ಆಗುತ್ತೆ, ಮಿಲ್ ಹೆಸರು ಹಾಕಿ ಬೇರೆಯೋರ ನಂಬರ್ ಹಾಕಿದ್ರೆ ಬೇರೆಯೋರಿಗೇ ಹೋಗುತ್ತೆ. ಇದಕ್ಕೇ ಅಂತ ರಿಸರ್ವ್ ಬ್ಯಾಂಕ್ 2024ರ ಡಿಸೆಂಬರ್ 30ರಂದು ಸುತ್ತೋಲೆ ಹೊರಡಿಸಿ, 2025ರ ಏಪ್ರಿಲ್ 1ರೊಳಗೆ ಬ್ಯಾಂಕ್‌ಗಳು ಹೆಸರು ತೋರಿಸೋ ಸೌಲಭ್ಯ ಕೊಡ್ಬೇಕು ಅಂತ ಹೇಳಿತ್ತು, ಗ್ರಾಹಕರಿಗೆ ಚಾರ್ಜ್ ಇಲ್ಲ. ಅಕೌಂಟ್ ನಂಬರ್ ಮತ್ತೆ ಐಎಫ್‌ಎಸ್‌ಸಿ ಹಾಕಿದ್ರೆ ಬ್ಯಾಂಕ್ ದಾಖಲೆಯಲ್ಲಿರೋ ಹೆಸರು ಬರುತ್ತೆ. ಕುತೂಹಲಕ್ಕೆ ಮಾರ್ಚ್‌ನ ಆ ಅಕೌಂಟ್ ಹಾಕಿ ನೋಡಿದೆ, ಮಿಲ್‌ಗೆ ಸಂಬಂಧಾನೇ ಇಲ್ಲದ ಒಂದು ಎಂಟರ್‌ಪ್ರೈಸಸ್ ಬಂತು. ಹೆಸರು ಬೇರೆ ಬಂದ್ರೆ ಅಲ್ಲಿಗೇ ನಿಲ್ಸೋದು, "ಅದು ನಮ್ಮ ಸಿಸ್ಟರ್ ಕನ್ಸರ್ನ್" ಅಂದ್ರೂ ನಿಲ್ಸೋದು. ಹೆಸರು ಸರಿ ಬಂದ್ರೆ ಮುಂದಿನ ಚೆಕ್‌ಗೆ ಹೋಗೋದು, ಅಷ್ಟೇ, ಯಾಕಂದ್ರೆ ಅದೇ ಥರದ ಹೆಸ್ರಲ್ಲಿ ಕರೆಂಟ್ ಅಕೌಂಟ್ ತೆಗೆಯೋರು ಇರ್ತಾರೆ.

ನಾಲ್ಕನೇದು ₹1 ಬದ್ಲು ಬೆಸ ಮೊತ್ತ. ₹7.43 ಅಂತ ಏನೋ ಒಂದು ಎನ್‌ಇಎಫ್‌ಟಿ ಮಾಡಿ, ಎಷ್ಟು ಹಾಕಿದೀವಿ ಅಂತ ಯಾರಿಗೂ ಹೇಳದೆ, ಪುಸ್ತಕದ ನಂಬರ್‌ಗೆ ಫೋನ್ ಮಾಡಿ "ಎಷ್ಟು ಬಂತು ಹೇಳ್ರಿ" ಅಂತ ಕೇಳೋದು. ಆ ಅಕೌಂಟ್ ಯಾರ ಕೈಯಲ್ಲೈತೋ ಅವ್ರಿಗೆ ಮಾತ್ರ ಪೈಸೆ ಸಮೇತ ಗೊತ್ತಿರುತ್ತೆ. ನಾವು ಮೊದ್ಲಿಂದ ಬಲ್ಲ ಫೋನು, ಈ ಹೊಸ ಅಕೌಂಟು, ಎರಡೂ ಒಬ್ರ ಹತ್ರಾನೇ ಅದಾವೆ ಅಂತ ಇದ್ರಿಂದ ಸಾಬೀತಾಗುತ್ತೆ. ಈ ಪದ್ಧತಿಯ ಬೆನ್ನೆಲುಬು ಇದೇ.

ಆಮೇಲೆ ಎರಡು ವರ್ಕಿಂಗ್ ಡೇ ಕಾಯೋದು, ಯಾರು ಎಷ್ಟೇ ಕೂಗಾಡ್ಲಿ. ಬಾಕಿ ತುರ್ತು ಇದ್ರೆ ಹಳೇ ಅಕೌಂಟ್‌ಗೇ ಹಾಕ್ತೀವಿ ಅಂತ ಹೇಳೋದು. ನಿಜವಾದ ಸಪ್ಲೈಯರ್ ಆದ್ರೆ ಸಾಮಾನ್ಯವಾಗಿ ಹೂಂ ಅಂತಾರೆ, ಹಳೇ ಅಕೌಂಟ್ ಅಂದ ಕೂಡ್ಲೇ ಒದ್ದಾಡೋನು ಬೇರೆ.

ಬ್ಯಾಂಕ್ ಮರ್ಜ್ ಆಯ್ತು ಅನ್ನೋ ನೆಪಕ್ಕೂ ಪುಸ್ತಕದ ಹಿಂದೆ ಒಂದು ಸಾಲು ಬರೆದೀವಿ. 2020ರ ಏಪ್ರಿಲ್ 1ಕ್ಕೆ ಸಿಂಡಿಕೇಟ್ ಬ್ಯಾಂಕ್ ಕೆನರಾದಲ್ಲಿ ಸೇರಿದ ಮೇಲೆ ನಮ್ಮ ಕಡೆ ಎಷ್ಟೋ ಜನರ ಐಎಫ್‌ಎಸ್‌ಸಿ ಬದ್ಲಾಯ್ತು, ಅಕೌಂಟ್ ನಂಬರ್ ಅದೇ ಉಳೀತು. ಹಂಗಾಗಿ ಮರ್ಜ್ ಅಂತ ಹೇಳಿ ಅಕೌಂಟ್ ನಂಬರೂ ಬೇರೆ, ಊರೂ ಬೇರೆ ಕೊಟ್ರೆ ಅನುಮಾನ ಜಾಸ್ತಿ ಮಾಡ್ಬೇಕು.

ಹಂತ 7. ಜೂನ್. ನಿಜವಾದ ಬದಲಾವಣೆ ಬಂತು

ರಿವೆಟ್ ಸಪ್ಲೈಯರ್ ತಮ್ಮ ಸಿಸಿ ಸಾಲದ ಲಿಮಿಟ್ ಬೇರೆ ಬ್ಯಾಂಕ್‌ಗೆ ಒಯ್ದ್ರಂತೆ, ಮೇಲ್ ಬಂತು. ಬಾಕಿ ₹84,000. ಪುಸ್ತಕದ ಮೊದಲ ನಂಬರ್ ಎತ್ತಲಿಲ್ಲ, ಎರಡನೇದು ಅವ್ರ ಗೋಡೌನ್‌ದು, ಅಲ್ಲಿಂದ ಮಾಲೀಕರಿಗೆ ಕೊಟ್ರು. ಕೊನೇ ಆರಂಕಿ ಅವ್ರೇ ಹೇಳಿದ್ರು, ಲೆಟರ್ ಜೊತೆ ಸರಿ ಬಂತು, ಹೆಸರು ಸರಿ ಬಂತು. ಪೈಸೆ ಕೇಳಿದಾಗ ಮಾತ್ರ ಸಿಟ್ಟಾದ್ರು, "ಏನ್ ಸಾಹೇಬ್ರೇ, ಹತ್ತು ವರ್ಷದ ವ್ಯವಹಾರ, ಏಳು ರೂಪಾಯಿ ಪರೀಕ್ಷೆ ಮಾಡ್ತೀರಲ್ಲ" ಅಂದ್ರು. ಮಾರ್ಚ್ ಕತೆ ಹೇಳಿದ ಮೇಲೆ ಸುಮ್ನಾಗಿ ಸ್ಟೇಟ್‌ಮೆಂಟ್ ನೋಡಿ ಹೇಳಿದ್ರು. ಫೋನ್ ಸಮಯ ಎಲ್ಲಾ ಕೂಡಿಸಿದ್ರೂ ಅರ್ಧ ಗಂಟೆ ಒಳಗೆ, ಖರ್ಚು ಆ ₹7.43.

ಇದ್ರಲ್ಲಿ ತಿಳಿದಿದ್ದು: ಸಪ್ಲೈಯರ್‌ಗೆ ಮೊದ್ಲೇ ಹೇಳಿಡ್ಬೇಕು. ಈಗ ಪ್ರತಿ ಪರ್ಚೇಸ್ ಆರ್ಡರ್ ಕೆಳಗೆ ಹಾಕ್ತೀವಿ, ಬ್ಯಾಂಕ್ ವಿವರ ಬದ್ಲಾದ್ರೆ ನಾವು ಹಳೇ ನಂಬರ್‌ಗೆ ಫೋನ್ ಮಾಡಿ ಕೇಳ್ತೀವಿ, ಎರಡು ದಿನ ಹಿಡಿಯುತ್ತೆ ಅಂತ.

ಹಂತ 8. ಬೀಗ

ಪುಸ್ತಕ ಎಷ್ಟೇ ಚೆನ್ನಾಗಿದ್ರೂ ಲೆಕ್ಕದ ಸಾಫ್ಟ್‌ವೇರ್ ಟ್ಯಾಲಿಯಲ್ಲಿ ಯಾರು ಬೇಕಾದ್ರೂ ಲೆಡ್ಜರ್ ತೆಗೆದು ಅಕೌಂಟ್ ನಂಬರ್ ಬದ್ಲಿಸಬಹುದು ಅಂದ್ರೆ ಉಪಯೋಗ ಇಲ್ಲ. ಬಿಲ್ಲಿಂಗ್ ಯೂಸರ್‌ಗೆ ಲೆಡ್ಜರ್ ತಿದ್ದೋ ಹಕ್ಕು ತೆಗೆದ್ವಿ. ನೆಟ್ ಬ್ಯಾಂಕಿಂಗ್‌ನಲ್ಲಿ ಬ್ಯಾಂಕ್‌ಗೆ ಅರ್ಜಿ ಕೊಟ್ಟು ಮೇಕರ್ ಚೆಕರ್ ಮಾಡಿಸಿದ್ವಿ, ಬೆನಿಫಿಶಿಯರಿ ನಾನು ಸೇರಿಸೋದು, ಒಪ್ಪಿಗೆ ಸಾವ್ಕಾರ್ರ ಲಾಗಿನ್‌ನಿಂದ. ಪುಸ್ತಕದ ಪುಟ ಎದುರಿಗೆ ಇಟ್ಟು ತೋರಿಸ್ದೆ ಒಪ್ಪಿಗೆ ಒತ್ತಂಗಿಲ್ಲ ಅಂತ ಮಾತಾಗೈತೆ. ಸಾವ್ಕಾರ್ರು ಒಂದೆರಡು ಸಲ ಓಟಿಪಿ ಫೋನ್‌ನಲ್ಲೇ ಹೇಳೋಕೆ ನೋಡಿದ್ರು, ಬೇಡ ಅಂದೆ, ಹಂಗೆ ಮಾಡಿದ್ರೆ ಇಬ್ರು ಅನ್ನೋದು ಒಬ್ರೇ ಆಗುತ್ತೆ.

ಹಂತ 9. ದುಡ್ಡು ಹೋಗೇ ಬಿಟ್ರೆ ಅಂತ ಗೋಡೆಗೆ ಅಂಟಿಸಿದ ಹಾಳೆ

ಆರ್‌ಟಿಜಿಎಸ್ ಹೋದ ಮೇಲೆ ನಮ್ಮ ಬ್ಯಾಂಕ್ ತಾನೇ ವಾಪಸ್ ಎಳ್ಕೊಳ್ಳೋಕೆ ಆಗಲ್ಲ, ಆ ಕಡೆ ಅಕೌಂಟ್‌ನಲ್ಲಿ ದುಡ್ಡು ಇನ್ನೂ ಇದ್ರೆ ತಡೆ ಹಾಕಿಸಬಹುದು, ಮುಂದೆ ಬೇರೆ ಬೇರೆ ಅಕೌಂಟ್‌ಗೆ ಹಂಚಿ ಹೋದಂಗೆಲ್ಲಾ ಸಿಗೋದು ಕಮ್ಮಿ. ಹಂಗಾಗಿ ಮೊದ್ಲು ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನು, ಕೈಯಲ್ಲಿ ಆ ಪಾವತಿಯ ಯುಟಿಆರ್ ನಂಬರ್, ಮೊತ್ತ, ಸಮಯ, ಹೋದ ಅಕೌಂಟ್ ಇಟ್ಕೊಂಡು. ಅದೇ ಹೊತ್ತಿಗೆ ಇನ್ನೊಬ್ರು ನಮ್ಮ ಬ್ರಾಂಚ್‌ಗೆ ಹೋಗಿ ಬರವಣಿಗೆಯಲ್ಲಿ ಕೊಡೋದು. ಆಮೇಲೆ `cybercrime.gov.in`ನಲ್ಲಿ ದೂರು, ಸೈಬರ್ ಕೇಸು ನೋಡೋ ಬಳ್ಳಾರಿ ಸಿಇಎನ್ ಪೊಲೀಸ್ ಠಾಣೆ. ಮೇಲ್ ಅಳಿಸ್ಬಾರದು, ಫಾರ್ವರ್ಡ್ ಮಾಡಿದ್ರೆ ಮೂಲ ಹೆಡರ್ ಹೋಗುತ್ತೆ, `Show original`ನಿಂದ ಡೌನ್‌ಲೋಡ್ ಮಾಡಿ ಇಡ್ಬೇಕು. ಮಿಲ್‌ಗೆ ಕೂಡ್ಲೇ ಹೇಳ್ಬೇಕು, ನಮ್ಮ ಥರದ ಗಿರಾಕಿಗಳು ಅವ್ರಿಗೆ ಇನ್ನೂ ಇರ್ತಾರೆ.

ಎಲ್ಲಿ ಸಿಕ್ಕೊಂಡೀವಿ

ವಾಟ್ಸಾಪ್‌ನಲ್ಲೇ ಎಲ್ಲಾ ನಡೆಸೋ ಸಣ್ಣ ಸಪ್ಲೈಯರ್‌ಗಳು. ಅವ್ರಿಗೆ ಬಿಲ್ಲು ಬರೋ ನಂಬರು, ಮಾತಾಡೋ ನಂಬರು, ಅಕೌಂಟ್ ಕಳ್ಸೋ ನಂಬರು ಎಲ್ಲಾ ಒಂದೇ. ಆ ವಾಟ್ಸಾಪ್ ಹ್ಯಾಕ್ ಆದ್ರೆ ಮಾಮೂಲಿ ಫೋನ್ ಕಾಲ್ ಉಳಿಯುತ್ತೆ, ಆದ್ರೆ ಸಿಮ್ಮೇ ಬೇರೆಯೋರ ಕೈಗೆ ಹೋದ್ರೆ ಪುಸ್ತಕದಲ್ಲಿ ಎರಡನೇ ನಂಬರ್ ಇಲ್ಲ. ಊರೊಳಗಿನೋರಿಗೆ ಹುಡುಗನ್ನ ಅಂಗಡಿಗೇ ಕಳಿಸ್ತೀವಿ, ಅದು ಸುಲಭ. ಹೊರಗಿನೋರು ಇಬ್ರು ಉಳಿದಾರೆ, ಅವ್ರ ಪುಟದಲ್ಲಿ ಎರಡನೇ ನಂಬರ್ ಬರೋ ತನ ಅಕೌಂಟ್ ಬದಲಾವಣೆ ಒಪ್ಪಲ್ಲ ಅಂತ ಕೆಂಪು ಇಂಕ್‌ನಲ್ಲಿ ಬರೆದಿಟ್ಟೀವಿ.